ಕವೆಗೋಲಿನ ಸಾಕ್ಷ್ಯ

ವಿಜಯಪುರ ನಗರದಲ್ಲಿ ಜಲನಗರವೆಂಬ ಬಡಾವಣೆಯೊಂದಿದೆ. ಹೆಸರಿನಲ್ಲಿ ಜಲವಿದ್ದರೂ ಆ ಸೀಮೆಯಲ್ಲಿ ನೀರು ಎಂದೂ ಅನಾಯಾಸವಾಗಿ ದೊರೆತುದಿಲ್ಲ. ಆದಿಲಶಾಹಿ ಅರಸರು ತೊರವಿಯ ಕಡೆಯಿಂದ ನೆಲದಡಿಯ ಕಾಲುವೆಗಳನ್ನು ತೋಡಿಸಿ ಪಟ್ಟಣಕ್ಕೆ ನೀರು ತರಬೇಕಾಯಿತು; 1620ರಲ್ಲಿ ತಾಜ್ ಬಾವಡಿಯಂತಹ ವಿಶಾಲವಾದ ಬಾವಿಯನ್ನು ಕಟ್ಟಿಸಬೇಕಾಯಿತು. ಇಂದು ನಗರದಿಂದ ಪಶ್ಚಿಮಕ್ಕೆ ತಿಕೋಟದ ಕಡೆಗೋ, ನೈಋತ್ಯಕ್ಕೆ ಬಬಲೇಶ್ವರದ ಕಡೆಗೋ ಹೊರಟರೆ ದ್ರಾಕ್ಷಿಯ ತೋಟಗಳು ಎದುರಾಗುತ್ತವೆ. ಅವುಗಳಲ್ಲಿ ಎಷ್ಟೋ ತೋಟಗಳ ಜೀವ ಕೊಳವೆ ಬಾವಿಯಲ್ಲಿದೆ. ಬಾವಿ ಬತ್ತಿದರೆ ರೈತನು ಸಾಲ ಮಾಡಿ ಮತ್ತೊಂದನ್ನು ಕೊರೆಯಿಸುತ್ತಾನೆ. ಅದೂ ಒಣಗಿದ್ದರೆ ಇನ್ನೊಂದು.

ಕೊರೆಯುವ ಯಂತ್ರದ ಲಾರಿ ಬರುವುದಕ್ಕೆ ಮೊದಲು ಹೊಲಕ್ಕೆ ಬರುವವರು ಬೇರೊಬ್ಬರು. ಅವರು ನೀರು ನೋಡುವವರು. ಬೇವಿನ ಕವೆಗೋಲನ್ನು ಎರಡು ಕೈಗಳಲ್ಲಿಯೂ ಬಿಗಿಯಾಗಿ ಹಿಡಿದು, ಇಲ್ಲವೆ ಅಂಗೈಯ ಮೇಲೆ ತೆಂಗಿನಕಾಯಿಯನ್ನಿಟ್ಟುಕೊಂಡು, ಅವರು ಹೊಲದ ಉದ್ದಗಲ ನಡೆಯುತ್ತಾರೆ. ಕೋಲು ಬಾಗಿದೆಡೆ, ಕಾಯಿ ಎದ್ದು ನಿಂತೆಡೆ ಗುರುತು ಹಾಕುತ್ತಾರೆ. ಅಲ್ಲಿ ಕೊರೆಯುತ್ತಾರೆ, ಅನೇಕ ವೇಳೆ ನೀರು ಬರುವುದೂ ಉಂಟು. ‘ಕೋಲು ಬಾಗಿದಲ್ಲೇ ನೀರು ಬಂತಲ್ಲರೀ, ಇದಕ್ಕಿಂತ ಹೆಚ್ಚಿನ ಸಾಕ್ಷಿ ಏನು ಬೇಕು?’ ಎಂದು ಹೊಲದ ಯಜಮಾನನು ಕೇಳಿದರೆ ನಾವು ಒಡನೆಯೇ ಉತ್ತರ ಹೇಳಲಾರೆವು. ಇದು ಹಳ್ಳಿಗರ ನಂಬಿಕೆ ಮಾತ್ರವೆಂದು ತಳ್ಳಿಹಾಕುವಂತೆಯೂ ಇಲ್ಲ. ವಿಜಯಪುರವು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಾಗ, 1920ರ ದಶಕದಲ್ಲಿ, ಮುಂಬಯಿ ಸರ್ಕಾರವೇ ಮೇಜರ್ ಪಾಗ್ಸನ್ ಎಂಬವರನ್ನು ಜಲಶೋಧಕರನ್ನಾಗಿ ನೇಮಿಸಿಕೊಂಡಿದ್ದಿತು.

ಕೋಲು ಸತ್ಯವನ್ನು ಹೇಳುವುದೋ ಇಲ್ಲವೋ ಎಂಬುದು ಒಂದು ಪ್ರಶ್ನೆ. ಅದನ್ನು ತಿಳಿಯಹೊರಟವರ ಮನಸ್ಸೇ ಅವರನ್ನು ಹೇಗೆ ದಾರಿ ತಪ್ಪಿಸುತ್ತದೆ ಎಂಬುದು ಅದಕ್ಕಿಂತ ಆಳವಾದ ಪ್ರಶ್ನೆ. ನಾವು ಈಗಾಗಲೇ ನಂಬಿರುವುದಕ್ಕೆ ಅನುಕೂಲವಾದ ಸಾಕ್ಷ್ಯವನ್ನೇ ಹುಡುಕುವುದು, ಎರಡರ್ಥದ ಸಾಕ್ಷ್ಯವನ್ನು ನಮ್ಮ ಕಡೆಗೆ ಎಳೆದು ಓದುವುದು, ಪ್ರತಿಕೂಲವಾದುದನ್ನು ಮರೆಯುವುದು—ಮನಸ್ಸಿನ ಈ ಮೂರು ಚಾಳಿಗಳನ್ನು ಒಟ್ಟಾಗಿ ಮನಶ್ಶಾಸ್ತ್ರಜ್ಞರು ದೃಢೀಕರಣ ಪಕ್ಷಪಾತವೆಂದು ಕರೆಯುತ್ತಾರೆ. ಇದು ಮೋಸವಲ್ಲ, ಮೋಸಗಾರನಿಗೆ ತಾನು ಮಾಡುತ್ತಿರುವುದು ಗೊತ್ತಿರುತ್ತದೆ. ಈ ಪಕ್ಷಪಾತಕ್ಕೆ ಒಳಗಾದವನಿಗೆ ಅದು ಗೊತ್ತಿರುವುದಿಲ್ಲ. ರೈತನಂತೆಯೇ ವಿಜ್ಞಾನಿಯೂ ಇದಕ್ಕೆ ಒಳಗಾಗುತ್ತಾನೆ ಎಂಬುದನ್ನು ಈ ಕವೆಗೋಲಿನ ಕಥೆಯಿಂದಲೇ ನೋಡೋಣ.

ಯಾರೂ ನೋಡದ ಎರಡು ಮನೆಗಳು

ಒಂದು ಹಾಳೆಯ ಮೇಲೆ ಚೌಕವೊಂದನ್ನು ಬರೆದು, ಅಡ್ಡಡ್ಡಲಾಗಿ ಒಂದು, ಉದ್ದುದ್ದಲಾಗಿ ಒಂದು ಗೆರೆ ಎಳೆದರೆ ನಾಲ್ಕು ಮನೆಗಳಾಗುತ್ತವೆ. ಮೊದಲನೆಯ ಮನೆಯಲ್ಲಿ ಕೋಲು ಬಾಗಿ ನೀರು ಬಂದ ಬಾವಿಗಳನ್ನು ಎಣಿಸಿ ಬರೆಯೋಣ. ಎರಡನೆಯದರಲ್ಲಿ ಕೋಲು ಬಾಗಿದರೂ ನೀರು ಬಾರದವು. ಮೂರನೆಯದರಲ್ಲಿ ಕೋಲು ಬಾಗದಿದ್ದರೂ ನೀರು ಬಂದವು. ನಾಲ್ಕನೆಯದರಲ್ಲಿ ಕೋಲೂ ಬಾಗದೆ ನೀರೂ ಬಾರದವು. ಕೋಲಿಗೂ ನೀರಿಗೂ ಸಂಬಂಧವುಂಟೆಂದು ಹೇಳಬೇಕಾದರೆ ನಾಲ್ಕು ಮನೆಗಳ ಅಂಕಿಗಳೂ ಬೇಕು.

ಈಗ ತಿಕೋಟದ ಹೊಲಕ್ಕೆ ಹಿಂತಿರುಗಿ ನೋಡಿದರೆ ವಿಚಿತ್ರವೊಂದು ಕಾಣುತ್ತದೆ. ಕೋಲು ಬಾಗದೆಡೆ ಯಾರೂ ಕೊರೆಯುವುದೇ ಇಲ್ಲ! ಮೂರನೆಯ ಮತ್ತು ನಾಲ್ಕನೆಯ ಮನೆಗಳು ಖಾಲಿಯಾಗಿಯೇ ಉಳಿಯುತ್ತವೆ. ಉದಾಹರಣೆಗೆ, ಕೋಲು ತೋರಿದ 60 ಎಡೆಗಳಲ್ಲಿ ಕೊರೆದು 42ರಲ್ಲಿ ನೀರು ಸಿಕ್ಕಿತೆನ್ನೋಣ. ನೂರಕ್ಕೆ 70ರಷ್ಟು ಜಯ. ಕೇಳಿದವರು ತಲೆದೂಗುವ ಅಂಕಿ. ಆದರೆ ಅದೇ ಹೊಲಗಳಲ್ಲಿ ಕೋಲನ್ನು ಕೇಳದೆ, ಚೀಟಿ ಎತ್ತಿ ಆರಿಸಿದ 40 ಎಡೆಗಳಲ್ಲಿ ಕೊರೆದಿದ್ದರೆ 28ರಲ್ಲಿ ನೀರು ಸಿಗುತ್ತಿದ್ದಿತೆಂದು ಊಹಿಸಿಕೊಳ್ಳಿ. ಅದೂ ನೂರಕ್ಕೆ 70. ಆಗ ಕೋಲಿನ ಪಾಲು ಸೊನ್ನೆ. ನೀರು ಕೊಟ್ಟದ್ದು ನೆಲ, ಕೋಲಲ್ಲ. ಇವು ನಾವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು. ಆದರೆ ಎರಡನೆಯ ಅಂಕಿ ತಿಳಿಯುವವರೆಗೆ ಮೊದಲನೆಯದಕ್ಕೆ ಅರ್ಥವಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನೆಲವು ನೀರು ಕೊಡುವ ಪ್ರಮಾಣವಾದರೂ ಸ್ಥಿರವಾದುದಲ್ಲ. ಈ ಸೀಮೆಯ ತಳವೆಲ್ಲ ಪುರಾತನ ಲಾವಾ ಹೆಪ್ಪುಗಟ್ಟಿ ಆದ ಕರಿಕಲ್ಲು. ಲಾವಾ ಒಂದೇ ಸಲ ಹರಿದುದಲ್ಲ. ಪದರದ ಮೇಲೆ ಪದರವಾಗಿ ಹರಿಯಿತು. ಪ್ರತಿ ಪದರದ ಒಡಲು ಗಟ್ಟಿ, ಅದರಲ್ಲಿ ನೀರು ನಿಲ್ಲದು. ನೆತ್ತಿಯಲ್ಲಿ ಗಾಳಿಗುಳ್ಳೆಗಳ ತೂತುಗಳುಂಟು, ಅಲ್ಲಲ್ಲಿ ಬಿರುಕುಗಳುಂಟು, ಮೇಲ್ಭಾಗದಲ್ಲಿ ಶಿಥಿಲವಾದ ಕಲ್ಲುಂಟು. ನೀರಿರುವುದು ಇಂತಹ ಎಡೆಗಳಲ್ಲಿ ಮಾತ್ರ. ಆದುದರಿಂದ ತಗ್ಗಿನ ಎರೆಭೂಮಿಯಲ್ಲಿ ಕೊರೆದವನಿಗೂ ಎತ್ತರದ ಮಡ್ಡಿಯಲ್ಲಿ ಕೊರೆದವನಿಗೂ ಅದೃಷ್ಟ ಒಂದೇ ಆಗಿರುವುದಿಲ್ಲ. ಹತ್ತಿರದ ಕೆರೆಗೆ ಕಾಲುವೆಯ ನೀರು ತುಂಬಿದ ವರ್ಷದಲ್ಲಿ ಸುತ್ತಲಿನ ಬಾವಿಗಳೂ ಏರುತ್ತವೆ. ಅಂತಹ ವರ್ಷದಲ್ಲಿ ನೀರು ನೋಡುವವರ ಕೀರ್ತಿಯೂ ಏರುತ್ತದೆ; ಕೋಲು ಮಾತ್ರ ಹಿಂದಿನ ಕೋಲೇ.

ಅನುಕೂಲವಾದ ಮನೆಯನ್ನು ಮಾತ್ರ ನೋಡುವ ಈ ಚಾಳಿಯನ್ನು ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞರು 1960ರಲ್ಲಿ ಸರಳವಾದ ಪ್ರಯೋಗವೊಂದರಿಂದ ತೋರಿಸಿದರು. 29 ಮಂದಿ ವಿದ್ಯಾರ್ಥಿಗಳಿಗೆ 2, 4, 6 ಎಂಬ ಮೂರು ಸಂಖ್ಯೆಗಳನ್ನು ಕೊಟ್ಟು, ಇವು ಒಂದು ನಿಯಮಕ್ಕೆ ಅನುಸಾರವಾಗಿವೆ, ಆ ನಿಯಮವನ್ನು ಕಂಡುಹಿಡಿಯಿರಿ ಎಂದರು. ವಿದ್ಯಾರ್ಥಿಗಳು ತಾವೇ ಬೇರೆ ಮೂರು ಸಂಖ್ಯೆಗಳನ್ನು ಹೇಳಿ, ಅವು ನಿಯಮಕ್ಕೆ ಹೊಂದುವುವೇ ಎಂದು ಕೇಳಬಹುದಾಗಿತ್ತು. ಎರಡೆರಡಾಗಿ ಏರುವುದೇ ನಿಯಮವೆಂದು ಊಹಿಸಿದವನು 8, 10, 12 ಎಂದು ಕೇಳಿದನು. ಹೌದೆಂಬ ಉತ್ತರ ಬಂದಿತು. 20, 22, 24 ಎಂದನು; ಮತ್ತೆ ಹೌದು. ಸಂತೋಷದಿಂದ ನಿಯಮವನ್ನು ಸಾರಿದನು, ಅದು ತಪ್ಪಾಗಿದ್ದಿತು! ನಿಜವಾದ ನಿಯಮವೆಂದರೆ ಏರುತ್ತ ಹೋಗುವ ಯಾವ ಮೂರು ಸಂಖ್ಯೆಗಳಾದರೂ ಸರಿ ಎಂಬುದಷ್ಟೆ. 1, 2, 9 ಎಂದು ಒಂದು ಸಲ ಕೇಳಿದ್ದರೆ ಅವನ ಊಹೆ ಮುರಿದುಬೀಳುತ್ತಿದ್ದಿತು. ಆದರೆ ತನ್ನ ಊಹೆ ಅಲ್ಲವೆನ್ನುವ ಸಂಖ್ಯೆಗಳನ್ನು ಕೇಳಿ ನೋಡುವುದು ಅವನಿಗೆ ಹೊಳೆಯಲಿಲ್ಲ. ಮೊದಲ ಸಲಕ್ಕೇ ಸರಿಯಾದ ನಿಯಮವನ್ನು ಹೇಳಿದವರು 29ರಲ್ಲಿ 6 ಮಂದಿ ಮಾತ್ರ. ಕೋಲು ಬಾಗಿದೆಡೆಯಲ್ಲಿಯೇ ಕೊರೆಯುವ ರೈತನೂ 8, 10, 12 ಎಂದು ಕೇಳುವ ವಿದ್ಯಾರ್ಥಿಯೂ ಮಾಡುತ್ತಿರುವುದು ಒಂದೇ ಕೆಲಸ.

ಎರಡರ್ಥದ ಗೆರೆ

ಸಾಕ್ಷ್ಯವನ್ನು ಆರಿಸುವುದರಲ್ಲಿ ಪಕ್ಷಪಾತವಿರುವಂತೆ ಓದುವುದರಲ್ಲಿಯೂ ಇದೆ. ನೀರು ನೋಡುವವರು 150 ಅಡಿಗೆ ನೀರೆಂದರು; 400 ಅಡಿಗೆ ಸಿಕ್ಕಿತು. ಇದು ಜಯವೋ ಸೋಲೋ? ಎರಡು ಇಂಚು ನೀರೆಂದರು; ಅರ್ಧ ಇಂಚು ಬಂದು, ಬೇಸಗೆಯಲ್ಲಿ ನಿಂತುಹೋಯಿತು. ಇದೇನು? ನಂಬಿದವನು ಎರಡನ್ನೂ ಜಯದ ಪಟ್ಟಿಗೆ ಸೇರಿಸುವನು, ನಂಬದವನು ಎರಡನ್ನೂ ಸೋಲಿನ ಪಟ್ಟಿಗೆ. ಯಾವುದನ್ನು ನೀರೆಂದು ಕರೆಯಬೇಕೆಂಬುದನ್ನು ಕೊರೆಯುವ ಮೊದಲೇ ನಿಶ್ಚಯಿಸದಿದ್ದುದರಿಂದ ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಪ್ರಾಮಾಣಿಕರೇ ಆಗಿರುತ್ತಾರೆ.

ಉಪಕರಣ ಕೈಗೆ ಬಂದೊಡನೆ ಈ ತೊಂದರೆ ತಪ್ಪುವುದೆಂದು ಭಾವಿಸಬಾರದು. ಭೂವಿಜ್ಞಾನಿಗಳು ಅಂತರ್ಜಲವನ್ನು ಹುಡುಕಲು ನೆಲದ ವಿದ್ಯುತ್ ರೋಧವನ್ನು ಅಳೆಯುತ್ತಾರೆ. ನಾಲ್ಕು ಸಲಾಕೆಗಳನ್ನು ಒಂದು ಸಾಲಿನಲ್ಲಿ ನೆಲಕ್ಕೆ ಹುಗಿದು, ಹೊರಗಿನ ಎರಡರ ಮೂಲಕ ವಿದ್ಯುತ್ತನ್ನು ಹರಿಸಿ, ಒಳಗಿನ ಎರಡರ ನಡುವಣ ವಿದ್ಯುತ್ ಒತ್ತಡವನ್ನು ನೋಡುತ್ತಾರೆ. ಹೊರಗಿನ ಸಲಾಕೆಗಳನ್ನು ದೂರ ದೂರ ಸರಿಸಿದಂತೆಲ್ಲ ವಿದ್ಯುತ್ತು ಹೆಚ್ಚು ಆಳಕ್ಕೆ ಇಳಿಯುತ್ತದೆ. ಅಳತೆಗಳನ್ನು ಹಾಳೆಯ ಮೇಲೆ ಗುರುತಿಸಿದರೆ ಏರಿಳಿಯುವ ಗೆರೆಯೊಂದು ದೊರೆಯುವುದು. ಗಟ್ಟಿಯಾದ ಕರಿಕಲ್ಲಿದ್ದರೆ ರೋಧ ಹೆಚ್ಚು. ಬಿರುಕುಗಳಲ್ಲಿ ನೀರು ತುಂಬಿದ್ದರೆ ಕಡಿಮೆ. ಗೆರೆ ತಗ್ಗಿದೆಡೆ ನೀರಿರಬಹುದೆಂದು ಊಹಿಸುತ್ತಾರೆ.

ಈ ವಿಧಾನಕ್ಕೆ ಭೌತಶಾಸ್ತ್ರದ ಗಟ್ಟಿಯಾದ ಆಧಾರವಿದೆ. ಆದರೆ ಗೆರೆಯನ್ನು ತಗ್ಗಿಸುವುದು ಸಿಹಿನೀರೊಂದೇ ಅಲ್ಲ. ಲಾವಾ ಪದರಗಳ ನಡುವೆ ಸಿಗುವ ಕೆಂಪು ಜೇಡಿಯೂ ತಗ್ಗಿಸುತ್ತದೆ. ಜೇಡಿಯಲ್ಲಿ ನೀರಿದ್ದರೂ ಅದು ಬಾವಿಗೆ ಜಿನುಗುವುದಿಲ್ಲ. ಡೋಣಿಯ ಕಣಿವೆಯಲ್ಲಿರುವಂತಹ ಉಪ್ಪುನೀರು ಇನ್ನಷ್ಟು ತಗ್ಗಿಸುತ್ತದೆ. ಆ ನೀರು ದ್ರಾಕ್ಷಿಗೆ ಹಿತವಲ್ಲ. ಇಷ್ಟೇ ಅಲ್ಲ, ಪದರಗಳ ದಪ್ಪವನ್ನೂ ಗುಣವನ್ನೂ ಬೇರೆ ಬೇರೆಯಾಗಿ ಹೊಂದಿಸಿದರೆ ಒಂದೇ ಗೆರೆಗೆ ಹಲವು ಅರ್ಥಗಳು ಸರಿಹೋಗುತ್ತವೆ. ಈಗ ಭೂವಿಜ್ಞಾನಿಯು ಯಾವ ಸ್ಥಿತಿಯಲ್ಲಿ ಈ ಗೆರೆಯನ್ನು ಓದುತ್ತಾನೆಂಬುದನ್ನು ಯೋಚಿಸಿ. ಹೊಲದ ಯಜಮಾನನು ಎದುರಿಗೆ ನಿಂತಿದ್ದಾನೆ. ಪಕ್ಕದ ಹೊಲದಲ್ಲಿ ನೀರು ಬಿದ್ದಿದೆಯೆಂದು ಹೇಳಿದ್ದಾನೆ. ಕೋಲು ಬಾಗಿದ ಎಡೆಯ ಗುರುತೂ ಅಲ್ಲಿಯೇ ಇದೆ. ಇಷ್ಟನ್ನು ತಿಳಿದವನ ಕಣ್ಣಿಗೆ ಸಂದೇಹದ ತಗ್ಗು ನೀರಿನ ತಗ್ಗಾಗಿ ಕಾಣುವುದು ಎಷ್ಟು ಸುಲಭ! ಅದೇ ಗೆರೆಯನ್ನು ಯಾವ ಊರಿನದೆಂದು ತಿಳಿಸದೆ ಬೇರೊಬ್ಬ ಭೂವಿಜ್ಞಾನಿಯ ಕೈಗೆ ಕೊಟ್ಟರೆ ಅವನು ‘ಜೇಡಿ ಇರಬಹುದು’ ಎಂದಾನು. ಇಬ್ಬರ ಓದಿನಲ್ಲಿ ಭೇದವಿದ್ದರೆ ತಪ್ಪು ಯಂತ್ರದಲ್ಲಿಲ್ಲ, ಓದಿನಲ್ಲಿದೆ ಎಂದು ಗೊತ್ತಾಗುತ್ತದೆ.

ಮುಳುಗಿದವರ ಚಿತ್ರವೆಲ್ಲಿ?

ಮೂರನೆಯದು ನೆನಪು. ನೀರು ಚಿಮ್ಮಿದ ಬಾವಿ ಊರಿನ ಕಣ್ಣೆದುರಿಗೇ ಇರುತ್ತದೆ. ಅದರ ಸುತ್ತ ತೋಟ ಬೆಳೆಯುತ್ತದೆ, ದಾರಿಯಲ್ಲಿ ಹೋಗುವವರಿಗೆ ತೋರಿಸಿ ಕಥೆ ಹೇಳುತ್ತಾರೆ. ಒಣಗಿದ ಬಾವಿಯ ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆದ ಮೇಲೆ ಅದರ ಕಥೆಯನ್ನು ಹೇಳುವವರು ಯಾರು? ಹೇಳುವ ಮನಸ್ಸು ಯಜಮಾನನಿಗೂ ಇರುವುದಿಲ್ಲ.

ಫ್ರಾನ್ಸಿಸ್ ಬೇಕನ್ ತನ್ನ ಗ್ರಂಥದಲ್ಲಿ ಈ ವಿಷಯಕ್ಕೆ ಹಳೆಯ ಕಥೆಯೊಂದನ್ನು ಎತ್ತಿಕೊಂಡಿದ್ದಾನೆ. ಆ ಗ್ರಂಥ ಪ್ರಕಟವಾದುದೂ ತಾಜ್ ಬಾವಡಿಯಂತೆ 1620ರಲ್ಲಿಯೇ. ಹಡಗೊಡೆದಾಗ ಹರಕೆ ಹೊತ್ತು ಬದುಕಿ ಬಂದವರ ಚಿತ್ರಗಳನ್ನು ಒಂದು ದೇವಾಲಯದಲ್ಲಿ ತೂಗುಹಾಕಿದ್ದರಂತೆ. ಅವನ್ನು ತೋರಿಸಿ, ಈಗಲಾದರೂ ದೇವರ ಶಕ್ತಿಯನ್ನು ಒಪ್ಪುವೆಯಾ ಎಂದು ಒಬ್ಬನನ್ನು ಕೇಳಿದರು. ಹರಕೆ ಹೊತ್ತೂ ಮುಳುಗಿದವರ ಚಿತ್ರಗಳನ್ನು ಎಲ್ಲಿ ತೂಗುಹಾಕಿದ್ದೀರಿ ಎಂದು ಅವನು ತಿರುಗಿ ಕೇಳಿದನು. ಮುಚ್ಚಿದ ಕೊಳವೆ ಬಾವಿಗಳು ಆ ಮುಳುಗಿದವರ ಚಿತ್ರಗಳು.

ವಿದ್ವಾಂಸರ ನೆನಪು ಇದಕ್ಕಿಂತ ಮೇಲೆಂದು ಹೇಳುವಂತಿಲ್ಲ. ಚಾರ್ಲ್ಸ್ ಡಾರ್ವಿನ್ನನು ತನ್ನ ಆತ್ಮಕಥೆಯಲ್ಲಿ ತನ್ನದೊಂದು ಕಟ್ಟುನಿಟ್ಟಿನ ಅಭ್ಯಾಸವನ್ನು ಹೇಳಿಕೊಂಡಿದ್ದಾನೆ. ತನ್ನ ಸಿದ್ಧಾಂತಕ್ಕೆ ವಿರುದ್ಧವಾದ ಸಂಗತಿಯೋ ವಿಚಾರವೋ ಕಂಡುಬಂದರೆ ಅವನು ಅದನ್ನು ಒಡನೆಯೇ ತಪ್ಪದೆ ಬರೆದಿಡುತ್ತಿದ್ದನು. ಏಕೆಂದರೆ ಅನುಕೂಲವಾದವುಗಳಿಗಿಂತ ಅಂತಹವೇ ಬೇಗನೆ ಮರೆತುಹೋಗುವುವೆಂದು ಅವನು ಅನುಭವದಿಂದ ತಿಳಿದುಕೊಂಡಿದ್ದನು.

ಮ್ಯೂನಿಕ್ಕಿನ ಕೊಟ್ಟಿಗೆ

ಇಷ್ಟನ್ನೆಲ್ಲ ಬಲ್ಲ ವಿಜ್ಞಾನಿಗಳು ಕೋಲನ್ನು ಪರೀಕ್ಷಿಸಿದರೆ ಪಕ್ಷಪಾತಕ್ಕೆ ಎಡೆಯಿರುವುದೇ? ಜರ್ಮನಿಯಲ್ಲಿ ನಡೆದ ಪ್ರಯೋಗವೊಂದು ಇದಕ್ಕೆ ಉತ್ತರ ಹೇಳುತ್ತದೆ. 1980ರ ದಶಕದ ಕೊನೆಯಲ್ಲಿ, ಅಲ್ಲಿನ ಸರ್ಕಾರದ ಹಣದಿಂದ, ಮ್ಯೂನಿಕ್ಕಿನ ಭೌತವಿಜ್ಞಾನಿಗಳಾದ ಬೆಟ್ಸ್ ಮತ್ತು ಕ್ಯೋನಿಗ್ ಎಂಬವರು ದೊಡ್ಡದೊಂದು ಪರೀಕ್ಷೆಯನ್ನು ಏರ್ಪಡಿಸಿದರು. ಸುಮಾರು 500 ಜನ ಜಲಶೋಧಕರನ್ನು ಮೊದಲು ಪರೀಕ್ಷಿಸಿ, ಅವರಲ್ಲಿ ಉತ್ತಮರೆನಿಸಿದ 43 ಮಂದಿಯನ್ನು ಆರಿಸಿದರು. ಮ್ಯೂನಿಕ್ಕಿನ ಬಳಿಯ ಒಂದು ಕೊಟ್ಟಿಗೆಯ ಕೆಳ ಅಂತಸ್ತಿನಲ್ಲಿ, 10 ಮೀಟರ್ ಉದ್ದದ ಗೆರೆಯ ಮೇಲೆ, ನೀರಿನ ಕೊಳವೆಯನ್ನು ಬಂಡಿಯೊಂದರ ಮೇಲಿರಿಸಿ ಬೇಕಾದೆಡೆಗೆ ಸರಿಸುವಂತೆ ಮಾಡಿದರು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಆಕಸ್ಮಿಕಕ್ಕೆ ಬಿಟ್ಟರು. ಜಲಶೋಧಕನು ಮೇಲಿನ ಅಂತಸ್ತಿನಲ್ಲಿ ಕೋಲು ಹಿಡಿದು ನಡೆದು, ಕೊಳವೆ ಎಲ್ಲಿದೆಯೆಂದು ಹೇಳಬೇಕು. ಹೀಗೆ 843 ಪರೀಕ್ಷೆಗಳು ನಡೆದುವು.

ಇದುವರೆಗೆ ಏರ್ಪಾಡು ಒಳ್ಳೆಯದೇ. ತೊಡಕು ಬಂದುದು ಫಲವನ್ನು ಓದುವಾಗ. ಬಹುಪಾಲು ಜಲಶೋಧಕರು ಏನನ್ನೂ ಸಾಧಿಸಲಿಲ್ಲವೆಂದು ಪ್ರಯೋಗಕರ್ತರೇ ಒಪ್ಪಿದರು. ಆದರೆ ಕೆಲವೇ ಮಂದಿ, ಆರು ಜನ, ಕೆಲವು ಸರಣಿಗಳಲ್ಲಿ ಆಕಸ್ಮಿಕವೆನ್ನಲಾಗದಷ್ಟು ಚೆನ್ನಾಗಿ ಹೇಳಿದರೆಂದೂ, ಆದುದರಿಂದ ಈ ವಿದ್ಯೆಯಲ್ಲಿ ನಿಜವಾದ ತಿರುಳುಂಟೆಂದೂ ತೀರ್ಮಾನಿಸಿದರು.

ಈ ತೀರ್ಮಾನದ ದೋಷವನ್ನು ನಾಣ್ಯವೊಂದರಿಂದ ಅರಿಯಬಹುದು. ಐದು ಸಲ ಚಿಮ್ಮುವ ನಾಣ್ಯ ಹೇಗೆ ಬೀಳುವುದೆಂದು ಒಬ್ಬನು ಐದು ಸಲವೂ ಸರಿಯಾಗಿ ಹೇಳುವ ಸಂಭವ 32ರಲ್ಲಿ ಒಂದು. 43 ಜನರನ್ನು ಕೂಡಿಸಿ ಹೇಳಿಸಿದರೆ ಅವರಲ್ಲಿ ಒಬ್ಬನೋ ಇಬ್ಬರೋ ಐದನ್ನೂ ಸರಿಯಾಗಿ ಹೇಳುವುದೇ ಸ್ವಾಭಾವಿಕ. ಫಲ ಬಂದ ಮೇಲೆ ಅವರನ್ನು ಎತ್ತಿ ಹಿಡಿದು ‘ಇವರಲ್ಲಿ ಶಕ್ತಿಯಿದೆ’ ಎಂದರೆ ಗೋಡೆಗೆ ಬಾಣ ಬಿಟ್ಟು, ಅದು ನಾಟಿದೆಡೆಯಲ್ಲಿ ಗುರಿಯ ವೃತ್ತವನ್ನು ಬರೆದಂತಾಗುತ್ತದೆ. ಶಕ್ತಿಯುಂಟೋ ಇಲ್ಲವೋ ಎಂಬುದನ್ನು ತಿಳಿಯುವ ಬಗೆ ಒಂದೇ: ಆ ಇಬ್ಬರನ್ನೇ ಮತ್ತೆ ಕರೆದು ಹೊಸ ನಾಣ್ಯದಲ್ಲಿ ಹೇಳಿಸುವುದು.

ಅಮೆರಿಕದ ಸ್ಕ್ರಿಪ್ಸ್ ಸಾಗರಶಾಸ್ತ್ರ ಸಂಸ್ಥೆಯ ಜಿಮ್ ಎನ್‌ರೈಟ್ ಎಂಬವರು ಈ ಅಂಕಿಗಳನ್ನೇ ತೆಗೆದುಕೊಂಡು ಮತ್ತೆ ಓದಿ, 1990ರ ದಶಕದಲ್ಲಿ ತಮ್ಮ ವಿಮರ್ಶೆಯನ್ನು ಪ್ರಕಟಿಸಿದರು. ಒಂದು ಸರಣಿಯಲ್ಲಿ ಮಿಂಚಿದವನು ಮತ್ತೊಂದರಲ್ಲಿ ಮಿಂಚಿರಲಿಲ್ಲ. ಎನ್‌ರೈಟರು ಇನ್ನೊಂದು ಸರಳವಾದ ಹೋಲಿಕೆಯನ್ನೂ ಮಾಡಿದರು. ಒಬ್ಬನು ಕೋಲನ್ನು ಮನೆಯಲ್ಲಿಯೇ ಬಿಟ್ಟು ಬಂದು, ಪ್ರತಿ ಸಲವೂ 10 ಮೀಟರ್ ಗೆರೆಯ ನಟ್ಟನಡುವೆ ನಿಂತು ಇಲ್ಲಿಯೇ ಕೊಳವೆಯಿದೆ ಎಂದರೆ ಅವನು ಎಷ್ಟು ತಪ್ಪುವನು? ಕೊಳವೆಯು ಗೆರೆಯ ಯಾವ ಎಡೆಯಲ್ಲಾದರೂ ಸಮಸಂಭವವಾಗಿ ಇರಬಹುದಾದರೆ ಅವನ ಸರಾಸರಿ ತಪ್ಪು 2.5 ಮೀಟರ್. ಕೋಲು ಹಿಡಿದವನು ಇವನಿಗಿಂತ ಚೆನ್ನಾಗಿ ಹೇಳಬೇಡವೇ? ಜಲಶೋಧಕರಲ್ಲೆಲ್ಲ ಶ್ರೇಷ್ಠನೆನಿಸಿದವನು ಹೀಗೆ ನಡುವೆ ನಿಲ್ಲುವವನಿಗಿಂತ ಗುರಿಗೆ ಹತ್ತಿರವಾಗಿದ್ದುದು ಸರಾಸರಿಯಲ್ಲಿ 4 ಮಿಲಿಮೀಟರ್ ಮಾತ್ರ! ಹತ್ತು ಮೀಟರಿನಲ್ಲಿ ಒಂದು ಗೋಧಿಯ ಕಾಳಿನಷ್ಟೂ ಅಲ್ಲ.

ಬೆಟ್ಸರು ಈ ವಿಮರ್ಶೆಗೆ ಉತ್ತರ ಕೊಟ್ಟರು. ತಮ್ಮ ಅಭಿಪ್ರಾಯವನ್ನು ಬಿಡಲಿಲ್ಲ. ಶ್ರೀಲಂಕೆಯ ಒಣ ಸೀಮೆಯಲ್ಲಿ ಜಲಶೋಧಕರ ನೆರವಿನಿಂದ ಕೊರೆದ 691 ಬಾವಿಗಳಲ್ಲಿ ನೂರಕ್ಕೆ 96ರಷ್ಟು ಸಫಲವಾದುವೆಂಬ ವರದಿಯನ್ನೂ ಅವರು 1995ರಲ್ಲಿ ಪ್ರಕಟಿಸಿದ್ದರು. ಈ ಅಂಕಿಯನ್ನು ಕಂಡೊಡನೆ ವಾಚಕರು ನಮ್ಮ ನಾಲ್ಕು ಮನೆಗಳ ಚೌಕವನ್ನು ನೆನೆದಿರಬೇಕು. ಅಲ್ಲಿ ಅದೇ ಹೊಲಗಳಲ್ಲಿ ಚೀಟಿ ಎತ್ತಿ ಆರಿಸಿದ ಎಡೆಗಳಲ್ಲಿ ಕೊರೆದು ಹೋಲಿಸಿ ನೋಡಲಿಲ್ಲ. ಸಾಮಾನ್ಯವಾಗಿ ಇಷ್ಟು ಸಿಗಬಹುದಾಗಿತ್ತೆಂಬ ಅಂದಾಜನ್ನು ಮಾತ್ರ ಎದುರಿಗಿಟ್ಟರು. ತಿಕೋಟದ ರೈತನ ಚೌಕದಲ್ಲಿ ಖಾಲಿಯಿದ್ದ ಮನೆಗಳೇ ಭೌತವಿಜ್ಞಾನಿಯ ಚೌಕದಲ್ಲಿಯೂ ಖಾಲಿ.

ಕಣ್ಣು ಕಟ್ಟಿಕೊಂಡ ರಸಾಯನಶಾಸ್ತ್ರಜ್ಞ

ಹಾಗಾದರೆ ಕೋಲು ಬಾಗುವುದೇಕೆ? ನೀರು ನೋಡುವವರು ಬೇಕೆಂದೇ ಬಾಗಿಸುತ್ತಾರೆಂದು ನಾವು ಹೇಳುವುದಿಲ್ಲ. ಇದರ ಗುಟ್ಟನ್ನು ಎರಡು ಶತಮಾನಗಳ ಹಿಂದೆಯೇ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ ತನ್ನ ಮೇಲೆಯೇ ಪ್ರಯೋಗ ಮಾಡಿ ಕಂಡುಕೊಂಡನು. ದಾರಕ್ಕೆ ಕಬ್ಬಿಣದ ಉಂಗುರವನ್ನು ಕಟ್ಟಿ ಪಾದರಸದ ಮೇಲೆ ಹಿಡಿದರೆ ಅದು ತಾನಾಗಿಯೇ ತೂಗುವುದೆಂದು ಕೆಲವರು ಹೇಳುತ್ತಿದ್ದರು. ಶೆವ್ರಲ್ ಹಿಡಿದು ನೋಡಿದನು, ತೂಗಿತು. ಪಾದರಸಕ್ಕೂ ಉಂಗುರಕ್ಕೂ ನಡುವೆ ಗಾಜಿನ ಹಲಗೆಯನ್ನು ಇಟ್ಟನು. ತೂಗಾಟ ಕುಗ್ಗಿ ನಿಂತಿತು. ಬೇರೆಯವನಾಗಿದ್ದರೆ ಗಾಜು ಯಾವುದೋ ಶಕ್ತಿಯನ್ನು ತಡೆಯುವುದೆಂದು ಗ್ರಂಥವನ್ನೇ ಬರೆಯುತ್ತಿದ್ದನು. ಶೆವ್ರಲ್ ಮಾತ್ರ ತನ್ನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಗಾಜನ್ನು ಇಡುವ ತೆಗೆಯುವ ಕೆಲಸವನ್ನು ಮತ್ತೊಬ್ಬನಿಗೆ ಒಪ್ಪಿಸಿದನು. ಗಾಜು ಯಾವಾಗ ಇದೆ, ಯಾವಾಗ ಇಲ್ಲವೆಂಬುದು ಅವನಿಗೆ ತಿಳಿಯದಾದೊಡನೆ ಗಾಜಿನ ಪ್ರಭಾವವೆಲ್ಲ ಮಾಯವಾಯಿತು. ತೂಗುವುದೆಂಬ ನಿರೀಕ್ಷೆಯೇ, ತನಗೆ ಅರಿವಿಲ್ಲದಂತೆ, ತನ್ನ ಕೈಯನ್ನು ಅಲುಗಿಸುತ್ತಿದ್ದಿತೆಂದು ಅವನು 1833ರಲ್ಲಿ ಪ್ರಕಟಿಸಿದನು. ಬಿಗಿಯಾಗಿ ಹಿಡಿದ ಕವೆಗೋಲು ಮಣಿಕಟ್ಟಿನ ಅಲ್ಪ ಚಲನೆಯನ್ನೂ ದೊಡ್ಡ ಬಾಗುವಿಕೆಯನ್ನಾಗಿ ತೋರಿಸುತ್ತದೆ.

ಪಕ್ಷಪಾತಕ್ಕೆ ಇದೇ ಮೊದಲನೆಯ ಮದ್ದು. ನಿರ್ಧರಿಸುವವನಿಗೆ ಉತ್ತರ ಯಾವುದಾಗಿರಬೇಕೆಂಬುದು ತಿಳಿಯದಂತೆ ಮಾಡುವುದು. ಎರಡನೆಯದು, ಜಯವೆಂದರೇನು ಸೋಲೆಂದರೇನು ಎಂಬುದನ್ನು ಮೊದಲೇ ಬರೆದಿಡುವುದು. 1990ರಲ್ಲಿ ಜರ್ಮನಿಯ ಕಾಸೆಲ್ ಎಂಬಲ್ಲಿ ನಡೆದ ಪರೀಕ್ಷೆಯಲ್ಲಿ ಇವೆರಡೂ ಕೂಡಿದ್ದುವು. ಮೈದಾನದಲ್ಲಿ 50 ಸೆಂಟಿಮೀಟರ್ ಆಳದಲ್ಲಿ ಪ್ಲಾಸ್ಟಿಕ್ ಕೊಳವೆಯನ್ನು ಹೂಳಿ, ಅದರ ಜಾಡನ್ನು ನೆಲದ ಮೇಲೆ ಬಣ್ಣದ ಪಟ್ಟಿಯಿಂದ ತೋರಿಸಿದ್ದರು. ಕೊಳವೆ ಎಲ್ಲಿದೆಯೆಂಬುದು ಗುಟ್ಟಲ್ಲ. ಈಗ ಅದರಲ್ಲಿ ನೀರು ಹರಿಯುತ್ತಿದೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ. ಸುಮಾರು 30 ಮಂದಿ ಜಲಶೋಧಕರು ಪರೀಕ್ಷೆ ನ್ಯಾಯವಾದುದೆಂದು ಮೊದಲೇ ಬರೆದುಕೊಟ್ಟರು. ಪೂರ್ಣ ಯಶಸ್ಸನ್ನು ನಿರೀಕ್ಷಿಸಿದ್ದರು. ಫಲ ಮಾತ್ರ ನಾಣ್ಯ ಚಿಮ್ಮಿ ಹೇಳಿದಂತೆಯೇ ಇದ್ದಿತು. ಮೊದಲೇ ಬರೆದುಕೊಟ್ಟಿದ್ದುದರಿಂದ ಇದನ್ನು ಸೋಲಲ್ಲವೆಂದು ಓದಲು ಎಡೆಯಿರಲಿಲ್ಲ.

ವೈದ್ಯಶಾಸ್ತ್ರವು ಈ ಎರಡನೆಯ ಮದ್ದನ್ನು ಕಾನೂನಿನಂತೆಯೇ ಅಂಗೀಕರಿಸಿದೆ. ನಮ್ಮ ದೇಶದಲ್ಲಿ 2007ರಲ್ಲಿ ಔಷಧ ಪ್ರಯೋಗಗಳ ರಾಷ್ಟ್ರೀಯ ದಾಖಲೆಪುಸ್ತಕ ಆರಂಭವಾಯಿತು. 2009ರಿಂದ ಔಷಧ ನಿಯಂತ್ರಣ ಇಲಾಖೆಯ ಅಪ್ಪಣೆ ಪಡೆದು ನಡೆಸುವ ಪ್ರಯೋಗಗಳನ್ನು ಅದರಲ್ಲಿ ಮುಂಚಿತವಾಗಿಯೇ ನೋಂದಾಯಿಸುವುದು ಕಡ್ಡಾಯವಾಗಿದೆ. ಯಾವ ಫಲವನ್ನು ಅಳೆಯುವೆವೆಂದು ಮೊದಲೇ ಬರೆದುದರಿಂದ, ಆಮೇಲೆ ಅನುಕೂಲವಾದ ಬೇರೊಂದನ್ನು ಮುಂದಿಟ್ಟರೆ ಯಾರು ಬೇಕಾದರೂ ಹೋಲಿಸಿ ನೋಡಬಹುದು. ಪ್ರಕಟವಾಗದೆ ಪೆಟ್ಟಿಗೆಯಲ್ಲಿ ಉಳಿದ ಪ್ರಯೋಗಗಳೂ, ಅಂದರೆ ಮುಚ್ಚಿದ ಬಾವಿಗಳೂ, ಇದ್ದುವೆಂಬುದಕ್ಕೆ ಗುರುತು ಉಳಿಯುತ್ತದೆ. ಆದರೂ ಇದು ಪೂರ್ಣ ರಕ್ಷಣೆಯಲ್ಲ. ನೋಂದಣಿಯನ್ನು ಅಸ್ಪಷ್ಟವಾಗಿ ಬರೆಯುವುದು ಸಾಧ್ಯ. ಬರೆದುದನ್ನು ಹೋಲಿಸಿ ನೋಡುವವರೇ ಇಲ್ಲದಿರುವುದೂ ಸಾಧ್ಯ. ಆಗ ಉಪಯೋಗಕ್ಕೆ ಬರುವುದು ಮೂರನೆಯ ಮದ್ದು: ಎನ್‌ರೈಟರಂತೆ ಒಪ್ಪದವನೊಬ್ಬನ ಕೈಗೆ ಮೂಲ ಅಂಕಿಗಳನ್ನೇ ಒಪ್ಪಿಸುವುದು.

ಮುಚ್ಚಿದ ಲಕೋಟೆ

ಇವನ್ನೆಲ್ಲ ತಿಕೋಟದ ಹೊಲದಲ್ಲಿ ನಡೆಸುವುದು ಹೇಗೆ? ಹೋಲಿಕೆಗಾಗಿ ಕೋಲು ಬೇಡವೆಂದೆಡೆಯಲ್ಲಿಯೂ ಕೊರೆಯಿಸು ಎಂದು ಸಾಲಗಾರನಾದ ರೈತನಿಗೆ ಹೇಳುವುದು ಕ್ರೂರವಾದೀತು. ಕೊಟ್ಟಿಗೆಯ ಪರೀಕ್ಷೆಯೊಂದರಿಂದಲೇ ಹೊಲದ ವಿಷಯವೆಲ್ಲ ಇತ್ಯರ್ಥವಾಗುವುದೂ ಇಲ್ಲ. ಅನುಭವಿಯಾದ ನೀರು ನೋಡುವವರು ಗಿಡಮರ, ಇಳಿಜಾರು, ನೆರೆಯ ಬಾವಿಗಳು ಇವನ್ನೆಲ್ಲ ಕಣ್ಣಿನಿಂದಲೇ ಅಳೆದಿರಬಹುದು. ಆ ಜ್ಞಾನ ನಿಜವಾದುದೇ ಆಗಿರಬಹುದು.

ಒಂದೇ ಒಂದು ಹೆಚ್ಚಿನ ಬಾವಿಯನ್ನೂ ಕೊರೆಯದೆ ಇದನ್ನು ಪರೀಕ್ಷಿಸುವ ಉಪಾಯವುಂಟು. ತಿಕೋಟ ಮತ್ತು ಬಬಲೇಶ್ವರ ತಾಲ್ಲೂಕುಗಳಲ್ಲಿ ಬೇರೆ ಬೇರೆ ಕಾರಣಗಳಿಂದ ಎಡೆ ನಿಶ್ಚಯವಾಗಿ, ಹೇಗೂ ಕೊರೆಯಲಿರುವ 100 ಬಾವಿಗಳನ್ನು ತೆಗೆದುಕೊಳ್ಳೋಣ. ಲಾರಿ ಬರುವ ಹಿಂದಿನ ದಿನ ನೀರು ನೋಡುವವರು ಅಲ್ಲಿಗೆ ಹೋಗಿ ಕೋಲು ಹಿಡಿದು ನೋಡಲಿ. ‘300 ಅಡಿಯೊಳಗೆ ಎರಡು ಇಂಚಿಗೆ ಕಡಿಮೆಯಿಲ್ಲದ ನೀರು ಬರುವುದು’ ಅಥವಾ ‘ಬಾರದು’ ಎಂದು ಬರೆದು ಲಕೋಟೆಯಲ್ಲಿ ಮುಚ್ಚಲಿ. ಭೂವಿಜ್ಞಾನಿಯೂ ತನ್ನ ಗೆರೆಯನ್ನು ಓದಿ ಹಾಗೆಯೇ ಮತ್ತೊಂದು ಲಕೋಟೆಯನ್ನು ಮುಚ್ಚಲಿ. ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗಾಗಲಿ, ರೈತನಿಗಾಗಲಿ, ಕೊರೆಯುವವನಿಗಾಗಲಿ ತಿಳಿಯಬಾರದು. ಬಂದ ನೀರನ್ನು ಅಳೆಯುವವನು ಮೂರನೆಯವನಾಗಿರಬೇಕು. ಕೋಲು ‘ಬಾರದು’ ಎಂದ ಎಡೆಯಲ್ಲಿಯೂ ಇಲ್ಲಿ ಕೊರೆಯುವುದರಿಂದ ಖಾಲಿಯಿದ್ದ ಎರಡು ಮನೆಗಳೂ ತುಂಬುತ್ತವೆ.

ನೂರು ಲಕೋಟೆಗಳನ್ನೂ ಒಟ್ಟಿಗೆ ಒಡೆದಾಗ, ‘ಬರುವುದು’ ಎಂದ 60ರಲ್ಲಿ 48ರಲ್ಲಿಯೂ ‘ಬಾರದು’ ಎಂದ 40ರಲ್ಲಿ 22ರಲ್ಲಿಯೂ ನೀರು ಬಂದಿದ್ದರೆ, ಅಂದರೆ ನೂರಕ್ಕೆ 80 ಮತ್ತು 55, ಆ ಅಂತರ ಬರಿಯ ಆಕಸ್ಮಿಕದಿಂದ ಸುಲಭವಾಗಿ ಬರತಕ್ಕದ್ದಲ್ಲ. ನಾವು ಕೋಲಿನ ಬಗೆಗಾಗಲಿ, ಅದನ್ನು ಹಿಡಿದವರ ಕಣ್ಣಿನ ಬಗೆಗಾಗಲಿ ನಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗುವುದು. 42 ಮತ್ತು 28 ಆಗಿದ್ದರೆ ಎರಡೂ ನೂರಕ್ಕೆ 70. ಕೋಲು ಏನನ್ನೂ ಹೇಳಲಿಲ್ಲವೆಂದಾಯಿತು. ಅಂತರವು ನೂರಕ್ಕೆ ಹತ್ತರಷ್ಟಿದ್ದರೆ ಇಷ್ಟು ಬಾವಿಗಳಿಂದ ಏನೂ ಹೇಳಲಾಗದು. ಇನ್ನೂ ಹೆಚ್ಚು ಲಕೋಟೆಗಳು ಬೇಕು. ಭೂವಿಜ್ಞಾನಿಯ ಲಕೋಟೆಗಳಿಗೂ ಇದೇ ಲೆಕ್ಕ.

ಈ ಲೇಖನವನ್ನು ಬರೆಯುವಾಗ ಕೋಲು ಸೋಲುವುದೆಂದೇ ನಮ್ಮ ನಿರೀಕ್ಷೆ. ಅದನ್ನು ಮುಚ್ಚಿಡುವುದಿಲ್ಲ. ಆದುದರಿಂದಲೇ ಆ ಲಕೋಟೆಗಳನ್ನು ಒಡೆದು ಎಣಿಸುವ ಕೆಲಸವನ್ನು ನಮಗೆ ವಹಿಸಬಾರದು.